ಅರ್ಧ ಕಟ್ಟಿದ ಮನೆಯ ಪೂರ್ತಿ ಕಥೆ

ಚಿಲಿ ದೇಶದ ಇಕಿಕೆ ನಗರದ ನಡುವೆ ಅರ್ಧ ಹೆಕ್ಟೇರ್ ಜಾಗ, ಅದರಲ್ಲಿ ಮೂವತ್ತು ವರ್ಷಗಳಿಂದ ಗುಡಿಸಲು ಹಾಕಿಕೊಂಡಿದ್ದ ಸುಮಾರು ನೂರು ಕುಟುಂಬ. ಜಾಗ, ನೀರು, ಚರಂಡಿ, ಮನೆ ಎಲ್ಲಕ್ಕೂ ಸೇರಿ ಸರ್ಕಾರದ ಸಹಾಯಧನ ಕುಟುಂಬಕ್ಕೆ 7,500 ಡಾಲರ್ ಮಾತ್ರ. ‘ಕಿಂಟಾ ಮೊನ್ರಾಯ್’ ಯೋಜನೆಯ ಬಗ್ಗೆ ಅಲೆಹಾಂಡ್ರೊ ಅರವೇನಾ ಅವರ ‘ಎಲಿಮೆಂಟಲ್’ ಸಂಸ್ಥೆ ಕೊಡುವ ವಿವರಣೆಯಲ್ಲಿ ಕಟ್ಟಡದ ಅಂದಚಂದಕ್ಕಿಂತ ಮೊದಲು ಬರುವುದು ಈ ಲೆಕ್ಕವೇ. ವಾಸ್ತುಶಿಲ್ಪ ಸಂಸ್ಥೆಯೊಂದು ತನ್ನ ಕೆಲಸದ ಕೇಸ್ ಸ್ಟಡಿ ಬರೆಯುವುದನ್ನು ಇದರಿಂದ ಕಲಿಯಬಹುದು.

ಎರಡನೆಯ ಹೆಜ್ಜೆ, ಕೈಬಿಟ್ಟ ದಾರಿಗಳನ್ನು ತೋರಿಸುವುದು. ನಿವೇಶನಕ್ಕೊಂದು ಬಿಡಿ ಮನೆ ಕಟ್ಟಿದರೆ ಮೂವತ್ತು ಕುಟುಂಬಕ್ಕಷ್ಟೇ ಜಾಗ. ಸಾಲುಮನೆ ಕಟ್ಟಿದರೆ 66ಕ್ಕೆ, ಆದರೆ ಹೊಸ ಕೋಣೆ ಸೇರಿಸಿದಾಗ ಹಳೆಯ ಕೋಣೆಗೆ ಗಾಳಿ ಬೆಳಕು ನಿಲ್ಲುತ್ತದೆ. ಬಹುಮಹಡಿ ಕಟ್ಟಡದಲ್ಲಿ ಮನೆ ವಿಸ್ತರಿಸಲಾಗದು. ನಿವಾಸಿಗಳು ಅದನ್ನು ಒಪ್ಪಲೇ ಇಲ್ಲ. ಇಷ್ಟು ಓದಿದವರಿಗೆ ಸಂಸ್ಥೆ ಅರ್ಧ ಮನೆ ಕಟ್ಟಿ, ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಟ್ಟದ್ದೇಕೆಂದು ಬೇರೆ ಹೇಳಬೇಕಿಲ್ಲ. ಅಡುಗೆಮನೆ, ಸ್ನಾನದ ಮನೆ, ಮೆಟ್ಟಿಲು, ನಡುಗೋಡೆಯಂಥ ಕಷ್ಟದ ಭಾಗ ಸಂಸ್ಥೆಯದು, ಉಳಿದದ್ದು ಮನೆಯವರದು.

ಪ್ರಕ್ರಿಯೆಯ ಭಾಗಕ್ಕೆ ಹತ್ತಾರು ನಕ್ಷೆ ಬೇಡ. ತೀರ್ಮಾನಕ್ಕೆ ಒಂದರಂತೆ, ಓದುಗರಿಗೆ ಅರ್ಥವಾಗುವ ಸರಳ ರೇಖಾಚಿತ್ರ ಸಾಕು.

ಫೋಟೊ ವಿಷಯದಲ್ಲಿ ಹೆಚ್ಚಿನ ಸಂಸ್ಥೆಗಳು ಎಡವುತ್ತವೆ. ಬೀಗದ ಕೈ ಒಪ್ಪಿಸುವ ಮುಂಚೆ, ಜನರಿಲ್ಲದ ಹೊಳೆಯುವ ಕೋಣೆಗಳನ್ನು ತೆಗೆಸಿ ಅಲ್ಲಿಗೇ ಮುಗಿಸುತ್ತವೆ. ಕಿಂಟಾ ಮೊನ್ರಾಯ್‌ನ ಹೆಸರಾದ ಚಿತ್ರಗಳು ಜೋಡಿಯಾಗಿವೆ: 2004ರಲ್ಲಿ ಮುಗಿದಾಗಿನ ಬೂದು ಗೋಡೆ ಮತ್ತು ನಡುವಿನ ಖಾಲಿ, ಜನ ಆ ಖಾಲಿಯನ್ನು ತಮ್ಮ ಬಣ್ಣ, ಕಿಟಕಿಗಳಿಂದ ತುಂಬಿಕೊಂಡ ನಂತರದ ನೋಟ. ಯೋಜನೆ ಗೆದ್ದಿದೆಯೆಂಬುದಕ್ಕೆ ಎರಡನೆಯ ಚಿತ್ರವೇ ಸಾಕ್ಷಿ. ಅಂಥ ಜೋಡಿ ಬೇಕೆಂದರೆ ಕೆಲಸ ಶುರುವಾಗುವ ಮೊದಲೇ ಕ್ಯಾಮೆರಾ ನಿಲ್ಲುವ ಜಾಗ ಗುರುತು ಹಾಕಿಕೊಂಡು, ವಾಸ ಶುರುವಾದ ವರ್ಷದ ಮೇಲೆ ಅದೇ ಜಾಗಕ್ಕೆ, ಮನೆಯವರ ಒಪ್ಪಿಗೆ ಪಡೆದು ಹೋಗಬೇಕು. ಚಿತ್ರದ ಕೆಳಗಿನ ಸಾಲು ‘ಮುಂಭಾಗದ ನೋಟ’ ಎಂದಷ್ಟೇ ಇದ್ದರೆ ವ್ಯರ್ಥ. ಯಾವ ತೀರ್ಮಾನ ಅಲ್ಲಿ ಕಾಣುತ್ತಿದೆ ಎಂದು ಅದು ಹೇಳಬೇಕು.

ಕೊನೆಗೆ ಫಲಿತಾಂಶ. ಮನೆಗಳ ಬೆಲೆ 20,000 ಡಾಲರ್ ದಾಟಿತೆಂದು ಎಲಿಮೆಂಟಲ್ ಹೇಳಿಕೊಂಡಿದೆ. ಇಂಥ ಅಂಕಿಯ ಜೊತೆ ಯಾರು ಬೆಲೆ ಕಟ್ಟಿದರು, ಯಾವಾಗ, ಯಾವುದಕ್ಕೆ ಹೋಲಿಸಿ ಎಂಬುದೂ ಇದ್ದರೆ ಓದುಗರು ನಂಬುತ್ತಾರೆ. ‘ವಿದ್ಯುತ್ ಉಳಿತಾಯ ಶೇ. 40’ ಎಂದು ಬರೆಯುವ ಸಂಸ್ಥೆಯೂ ವಾಸ ಶುರುವಾದ ಮೇಲಿನ ಹನ್ನೆರಡು ತಿಂಗಳ ಬಿಲ್ ಮುಂದಿಡಬೇಕು. ಕಂಪ್ಯೂಟರ್ ಅಂದಾಜಷ್ಟೇ ಕೈಯಲ್ಲಿದ್ದರೆ ಅದನ್ನು ಅಂದಾಜು ಎಂದೇ ಬರೆಯಬೇಕು.