ಸೊನ್ನೆಗಳನ್ನು ನೋಡಿ ಲಕ್ಷಗಳ ಲೆಕ್ಕ

ಅಮೆರಿಕದ ರೆಡ್ಡಿಟ್ ಜಾಲತಾಣದ ಎಂಜಿನಿಯರುಗಳು 2017ರಲ್ಲಿ ತಮ್ಮ ಒಂದು ತಾಪತ್ರಯವನ್ನು ಬರೆದುಕೊಂಡರು. ತಾಣದಲ್ಲಿ ಬರುವ ಪ್ರತಿ ಬರಹವನ್ನೂ ಎಷ್ಟು ಮಂದಿ ನೋಡಿದರು ಎಂದು ಎಣಿಸಬೇಕು. ಎಷ್ಟು ಸಲ ಅಲ್ಲ, ಎಷ್ಟು ಮಂದಿ. ಒಬ್ಬನೇ ಸ್ವಲ್ಪ ಹೊತ್ತಿನಲ್ಲಿ ಹತ್ತು ಸಲ ತೆರೆದರೂ ಅದು ಒಂದೇ ಲೆಕ್ಕ. ಸಲಗಳನ್ನು ಎಣಿಸುವುದು ಸುಲಭ, ಬಂದಾಗಲೆಲ್ಲ ಒಂದು ಕೂಡಿಸುತ್ತ ಹೋದರಾಯಿತು. ಮಂದಿಯನ್ನು ಎಣಿಸಲು ಹೊರಟರೆ ಪ್ರತಿ ಬಾರಿಯೂ ‘ಇವನು ಮೊದಲೇ ಬಂದಿದ್ದನೇ?’ ಎಂದು ಕೇಳಬೇಕು. ಅದಕ್ಕೆ ಉತ್ತರ ಹೇಳಲು ಬಂದವರೆಲ್ಲರ ಪಟ್ಟಿ ಇರಬೇಕು. ಒಬ್ಬರ ಗುರುತು 8 ಬೈಟ್ ಎಂದರೂ 10 ಲಕ್ಷ ಮಂದಿ ನೋಡಿದ ಒಂದೇ ಬರಹಕ್ಕೆ 80 ಲಕ್ಷ ಬೈಟ್ ಬೇಕು. ಅಂಥ ಬರಹಗಳು ಸಾಲುಸಾಲಾಗಿ ಬರುತ್ತಲೇ ಇರುತ್ತವೆ.

ಅವರು ಕೊನೆಗೆ ಹಿಡಿದ ದಾರಿಯಲ್ಲಿ ಒಂದು ಬರಹಕ್ಕೆ ಸುಮಾರು 12 ಸಾವಿರ ಬೈಟ್ ಸಾಕು, ನೋಡಿದವರು 10 ಲಕ್ಷವಾದರೂ ಅಷ್ಟೇ, 10 ಕೋಟಿಯಾದರೂ ಅಷ್ಟೇ. ಪಟ್ಟಿ ಇಲ್ಲವೇ ಇಲ್ಲ. ಬಂದವರಲ್ಲಿ ಒಬ್ಬರ ಹೆಸರನ್ನೂ ನೆನಪಿಟ್ಟುಕೊಳ್ಳದೆ ಎಷ್ಟು ಮಂದಿ ಬಂದರು ಎಂದು ಹೇಳುವುದು ಹೇಗೆ? ನಿಖರವಾದ ಉತ್ತರದ ಆಸೆಯನ್ನು ಬಿಟ್ಟರೆ ಹೇಳಬಹುದು.

ಮೊದಲ ಹೆಜ್ಜೆ ಹ್ಯಾಶ್. ಯಾವುದೇ ಹೆಸರನ್ನೋ ಸಂಖ್ಯೆಯನ್ನೋ ಕೊಟ್ಟರೆ ಅದನ್ನು ಚೆನ್ನಾಗಿ ಕಲಸಿ 0 ಮತ್ತು 1ಗಳ ಒಂದು ನಿಗದಿತ ಉದ್ದದ, ಉದಾಹರಣೆಗೆ 64 ಬಿಟ್‌ಗಳ, ಸಾಲನ್ನು ಕೊಡುವ ಲೆಕ್ಕ ಇದು. ಹೊರಬರುವ ಸಾಲು ನೋಡಲು ನಾಣ್ಯ ಚಿಮ್ಮಿ ಬರೆದಂತಿರುತ್ತದೆ. ಆದರೆ ಅದೇ ಹೆಸರನ್ನು ಮತ್ತೆ ಕೊಟ್ಟರೆ ಅದೇ ಸಾಲು ಬರುತ್ತದೆ. ಮುಂದಿನ ಇಡೀ ಲೆಕ್ಕ ನಿಂತಿರುವುದು ಈ ಎರಡು ಗುಣಗಳ ಮೇಲೆ.

ಈಗ ಸಾಲಿನ ಆರಂಭದಲ್ಲಿ ಎಷ್ಟು ಸೊನ್ನೆಗಳಿವೆ ಎಂದು ನೋಡೋಣ. ಅರ್ಧದಷ್ಟು ಸಾಲುಗಳು 0ಯಿಂದ ಶುರುವಾಗುತ್ತವೆ, ಕಾಲು ಭಾಗ 00ಯಿಂದ, ಎಂಟರಲ್ಲೊಂದು 000ಯಿಂದ. ಹತ್ತು ಸೊನ್ನೆಗಳಿಂದ ಶುರುವಾಗುವ ಸಾಲು 1024ರಲ್ಲಿ ಒಂದು. ಇಪ್ಪತ್ತು ಸೊನ್ನೆಗಳದ್ದು ಹತ್ತು ಲಕ್ಷಕ್ಕೂ ಸ್ವಲ್ಪ ಹೆಚ್ಚಿನದರಲ್ಲಿ ಒಂದು. ಹಾಗಾಗಿ ಹರಿದುಬಂದ ಗುರುತುಗಳನ್ನೆಲ್ಲ ಹ್ಯಾಶ್ ಮಾಡುತ್ತ, ಈವರೆಗೆ ಕಂಡ ಅತಿ ಉದ್ದದ ಸೊನ್ನೆ ಸಾಲು ಎಷ್ಟು ಎಂಬುದೊಂದನ್ನೇ ಬರೆದಿಟ್ಟುಕೊಂಡರೆ ಸಾಕು. ಅದು 10 ಎಂದಿದ್ದರೆ ಸುಮಾರು ಸಾವಿರ ಬೇರೆ ಬೇರೆ ಮಂದಿ ಬಂದಿರಬೇಕು, 20 ಎಂದಿದ್ದರೆ ಹತ್ತು ಲಕ್ಷ. ಬಂದವನೇ ಸಾವಿರ ಸಲ ಬಂದರೂ ಅವನ ಹ್ಯಾಶ್ ಬದಲಾಗುವುದಿಲ್ಲ, ಆದ್ದರಿಂದ ದಾಖಲೆಯೂ ಏರುವುದಿಲ್ಲ. ಮೊದಲೇ ಬಂದಿದ್ದನೇ ಎಂಬ ಪ್ರಶ್ನೆಯನ್ನು ಕೇಳಬೇಕಾದ ಅಗತ್ಯವೇ ಇಲ್ಲಿ ಇಲ್ಲವಾಯಿತು.

ಈ ಯೋಚನೆಯ ಮೂಲ ಫ್ರೆಂಚ್ ಗಣಿತಜ್ಞ ಫಿಲಿಪ್ ಫ್ಲಾಜೊಲೆ ಮತ್ತು ಐಬಿಎಂನ ಜಿ. ನೈಜೆಲ್ ಮಾರ್ಟಿನ್ 1980ರ ದಶಕದ ಮೊದಲರ್ಧದಲ್ಲಿ ಮಾಡಿದ ಕೆಲಸದಲ್ಲಿದೆ. ಅವರ ವಿವರವಾದ ಪ್ರಬಂಧ ಬಂದದ್ದು 1985ರಲ್ಲಿ. ಆಗ ಅಂತರಜಾಲದ ಭೇಟಿಗಾರರ ಚಿಂತೆ ಯಾರಿಗೂ ಇರಲಿಲ್ಲ. ಡೇಟಾಬೇಸ್‌ನ ಒಂದು ಕಾಲಂನಲ್ಲಿ ಎಷ್ಟು ಬಗೆಯ ಮೌಲ್ಯಗಳಿವೆ ಎಂದು ಅಂದಾಜು ಗೊತ್ತಿದ್ದರೆ ಯಾವ ಕೋಷ್ಟಕವನ್ನು ಮೊದಲು ಜೋಡಿಸಬೇಕು ಎಂದು ಕಂಪ್ಯೂಟರ್ ಜಾಣತನದಿಂದ ತೀರ್ಮಾನಿಸಬಲ್ಲದು, ಅಷ್ಟಕ್ಕೇ ಅದು ಬೇಕಾಗಿತ್ತು.

ಆದರೆ ಒಂದೇ ದಾಖಲೆಯನ್ನು ನಂಬಿದರೆ ಕೆಟ್ಟೆವು. ಮೊಟ್ಟಮೊದಲು ಬಂದವನ ಹ್ಯಾಶ್‌ನಲ್ಲೇ ಹತ್ತು ಸೊನ್ನೆಗಳಿದ್ದರೆ? ಒಬ್ಬನೇ ಬಂದಿದ್ದರೂ ಸಾವಿರ ಮಂದಿ ಎನ್ನುತ್ತದೆ ಲೆಕ್ಕ. ಅಂಥ ದುರದೃಷ್ಟ ಇಲ್ಲದಿದ್ದಾಗಲೂ ಉತ್ತರ 512, 1024, 2048 ಎಂದು ಇಮ್ಮಡಿಯಾಗಿಯೇ ಜಿಗಿಯುತ್ತದೆ, ನಡುವಿನ ಸಂಖ್ಯೆಯನ್ನು ಹೇಳಲು ಅದಕ್ಕೆ ಬರುವುದೇ ಇಲ್ಲ. ಹಲವು ಹ್ಯಾಶ್‌ಗಳನ್ನು ಬಳಸಿ ಸರಾಸರಿ ತೆಗೆಯಬಹುದು, ಆದರೆ ಪ್ರತಿ ಗುರುತನ್ನೂ ನೂರಾರು ಸಲ ಕಲಸುತ್ತ ಕೂತರೆ ಹರಿವು ಕಾಯುವುದಿಲ್ಲ. ಫ್ಲಾಜೊಲೆ ಮತ್ತು ಮಾರ್ಟಿನ್ ಅಗ್ಗದ ಉಪಾಯವೊಂದನ್ನು ಕಂಡುಕೊಂಡರು: ಹ್ಯಾಶ್ ಒಂದೇ ಇರಲಿ, ಅದರ ಕೆಲವು ಬಿಟ್‌ಗಳನ್ನು ಮನೆ ಸಂಖ್ಯೆ ಎಂದುಕೊಳ್ಳಿ. ಎಂಟು ಬಿಟ್ ತೆಗೆದುಕೊಂಡರೆ 256 ಮನೆಗಳು. ಪ್ರತಿ ಗುರುತು ತನ್ನ ಮನೆಗೆ ಹೋಗುತ್ತದೆ, ಉಳಿದ ಬಿಟ್‌ಗಳಲ್ಲಿನ ಸೊನ್ನೆಗಳ ದಾಖಲೆಯನ್ನು ಆ ಮನೆ ಮಾತ್ರ ಇಟ್ಟುಕೊಳ್ಳುತ್ತದೆ. ಈ ಮನೆಗಳಿಗೆ ಈ ಕ್ಷೇತ್ರದವರು ರಿಜಿಸ್ಟರ್ ಎನ್ನುತ್ತಾರೆ.

ಫ್ಲಾಜೊಲೆ 2003ರಲ್ಲಿ ಮರಿಯಾನ್ ದ್ಯುರಾನ್ ಜೊತೆಗೂಡಿ ಇದನ್ನು ಇನ್ನಷ್ಟು ಹಗುರಗೊಳಿಸಿ ಲಾಗ್‌ಲಾಗ್ ಎಂದು ಹೆಸರಿಟ್ಟರು. ಅವರು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ಶೇಕ್ಸ್‌ಪಿಯರ್‌ನ ಸಮಗ್ರ ಕೃತಿಗಳಲ್ಲಿ ಎಷ್ಟು ಬೇರೆ ಬೇರೆ ಪದಗಳಿವೆ? ಅವರು 256 ರಿಜಿಸ್ಟರ್ ಇಟ್ಟರು, ಒಂದೊಂದಕ್ಕೂ ನಾಲ್ಕೇ ಬಿಟ್, ಒಟ್ಟು 128 ಬೈಟ್. ಈ ಲೇಖನದ ಒಂದೆರಡು ಸಾಲು ಹಿಡಿಸುವಷ್ಟು ಜಾಗವೂ ಅಲ್ಲ ಅದು. ಪದಗಳೆಲ್ಲ ಒಮ್ಮೆ ಹರಿದುಹೋದ ಮೇಲೆ ಅಂದಾಜು 30,897 ಎಂದಿತು. ನಿಜವಾದ ಸಂಖ್ಯೆ 28,239. ಶೇ 9.4 ಹೆಚ್ಚು.

ಶೇ 9 ಎಂದರೆ ಕಡಿಮೆಯೇನಲ್ಲ. ಹೆಚ್ಚು ರಿಜಿಸ್ಟರ್ ಇಟ್ಟರೆ ತಪ್ಪು ಕಡಿಮೆಯಾಗುತ್ತದೆ, ಆದರೆ ನಾಲ್ಕು ಪಟ್ಟು ರಿಜಿಸ್ಟರ್‌ಗೆ ತಪ್ಪು ಅರ್ಧವಾಗುತ್ತದೆ ಅಷ್ಟೇ. ಇನ್ನೊಂದು ದಾರಿ, ಇದ್ದ ದಾಖಲೆಗಳಿಂದಲೇ ಸರಾಸರಿಯನ್ನು ಉತ್ತಮವಾಗಿ ತೆಗೆಯುವುದು. ಫ್ಲಾಜೊಲೆ ಮತ್ತು ಮೂವರು ಸಂಗಡಿಗರು 2007ರಲ್ಲಿ ಹೊರತಂದ ಹೈಪರ್‌ಲಾಗ್‌ಲಾಗ್ ಮಾಡಿದ್ದು ಅದನ್ನು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಪೂರ್ತಿ ಮಾಡಿ ನೋಡುವುದು ಒಳ್ಳೆಯದು. 16 ರಿಜಿಸ್ಟರ್‌ಗಳಿವೆ, ಪ್ರತಿಯೊಂದೂ ಮೊದಲ 1 ಎಷ್ಟನೆಯ ಜಾಗದಲ್ಲಿ ಸಿಕ್ಕಿತು ಎಂಬುದರ ಗರಿಷ್ಠವನ್ನು ಬರೆದಿಟ್ಟಿದೆ (ಸೊನ್ನೆಗಳ ಸಂಖ್ಯೆಗಿಂತ ಇದು ಒಂದು ಹೆಚ್ಚು) ಎಂದುಕೊಳ್ಳಿ:

```
3 4 2 5 3 6 4 3 2 4 3 9 4 5 3 4
```

ಎಲ್ಲ 2ರಿಂದ 6ರೊಳಗಿವೆ, ಒಂದು ಮಾತ್ರ 9. ಎಲ್ಲೋ ಒಂದು ಗುರುತಿಗೆ ಅದೃಷ್ಟವಶಾತ್ ಉದ್ದದ ಸೊನ್ನೆ ಸಾಲು ಸಿಕ್ಕಿದೆ. ಪ್ರತಿ ದಾಖಲೆಯನ್ನೂ 2ರ ಘಾತವಾಗಿಸಿ (3 ಎಂದರೆ 8, 4 ಎಂದರೆ 16, 9 ಎಂದರೆ 512) ಮಾಮೂಲಿ ಸರಾಸರಿ ತೆಗೆದರೆ 48 ಬರುತ್ತದೆ. ಆ ಒಂದು 9ರ ಜಾಗದಲ್ಲಿ 4 ಇದ್ದಿದ್ದರೆ ಸರಾಸರಿ 17 ಆಗುತ್ತಿತ್ತು. ಹದಿನಾರರಲ್ಲಿ ಒಂದೇ ಒಂದು ಸುಳ್ಳಾಡಿ ಉತ್ತರವನ್ನು ಮೂರು ಪಟ್ಟಿನಷ್ಟು ಹಿಗ್ಗಿಸಿತು. ಹೈಪರ್‌ಲಾಗ್‌ಲಾಗ್ ಬಳಸುವುದು ಹರಾತ್ಮಕ ಸರಾಸರಿಯನ್ನು: 8, 16, 512ಗಳ ಬದಲು 1/8, 1/16, 1/512ಗಳನ್ನು ಕೂಡಿಸುತ್ತದೆ. ಇಲ್ಲಿ ಆ ಮೊತ್ತ ಸುಮಾರು 1.518. ಆಮೇಲಿನ ಸೂತ್ರ ಹೀಗೆ:

```
0.673 × 16 × 16 / 1.518 ≈ 113.5
```

9ರ ಬದಲು 4 ಇದ್ದಿದ್ದರೆ ಇದೇ ಸೂತ್ರ 109 ಎನ್ನುತ್ತಿತ್ತು. ತಲೆ ಎತ್ತಿ ಕೂಗುವವನ ಮಾತಿಗೆ 1/512ರ ತೂಕ ಮಾತ್ರ, ಹಾಗಾಗಿ ಉತ್ತರ ಅಲುಗಾಡುವುದು ನಾಲ್ಕೈದರಷ್ಟೇ. ಗರಿಷ್ಠಗಳನ್ನು ನೋಡಿ ಅಂದಾಜಿಸಿದರೆ ಉತ್ತರ ಯಾವಾಗಲೂ ತುಸು ಮೇಲಕ್ಕೆ ಜಾರುತ್ತದೆ. ಅದನ್ನು ಸರಿಯಾದ ಪ್ರಮಾಣದಲ್ಲಿ ಕೆಳಗಿಳಿಸಲು ಇರುವುದೇ 0.673. ಅದು ಪ್ರಯೋಗ ಮಾಡಿ ಹೊಂದಿಸಿದ ಸಂಖ್ಯೆಯಲ್ಲ, ಗಣಿತದಿಂದ ಬಂದದ್ದು, ರಿಜಿಸ್ಟರ್‌ಗಳ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ. ಹದಿನಾರೇ ರಿಜಿಸ್ಟರ್ ಇದ್ದಾಗ ಸಾಮಾನ್ಯವಾಗಿ ಆಗುವ ತಪ್ಪು ಶೇ 26, ಆದ್ದರಿಂದ 113 ಎಂಬುದನ್ನು ‘ನೂರರ ಆಸುಪಾಸು’ ಎಂದೇ ಓದಬೇಕು.

ಬಳಕೆಯಲ್ಲಿರುವ ರೂಪಗಳಲ್ಲಿ ಹೆಸರಾದದ್ದು ರೆಡಿಸ್ ಎಂಬ ಡೇಟಾಬೇಸ್‌ನದು, 2014ರಿಂದ ಅದರಲ್ಲಿದೆ. ರಿಜಿಸ್ಟರ್‌ಗಳು 16,384, ಒಂದೊಂದಕ್ಕೆ 6 ಬಿಟ್, ಒಟ್ಟು 12,288 ಬೈಟ್, ಸಾಮಾನ್ಯ ತಪ್ಪು ಶೇ 0.81. ಇದರ ಆಜ್ಞೆಗಳೆಲ್ಲ PF ಎಂದು ಶುರುವಾಗುತ್ತವೆ. 2011ರಲ್ಲಿ ತೀರಿಕೊಂಡ ಫಿಲಿಪ್ ಫ್ಲಾಜೊಲೆಯ ಹೆಸರಿನ ಮೊದಲಕ್ಷರಗಳು ಅವು.

```
PFADD somavara u17 u42 u17
PFCOUNT somavara
PFMERGE vara somavara mangalavara
```

ಎರಡನೆಯ ಸಾಲಿಗೆ ಉತ್ತರ 2. ಅಂದಹಾಗೆ, ರೆಡಿಸ್ ಸೊನ್ನೆಗಳನ್ನು ಎಣಿಸುವುದು ಮುಂದಿನಿಂದಲ್ಲ, ಹ್ಯಾಶ್‌ನ ಹಿಂದಿನ ತುದಿಯಿಂದ. ಯಾವ ತುದಿಯಾದರೂ ಸಂಭವ ಅಷ್ಟೇ ಇರುವುದರಿಂದ ವ್ಯತ್ಯಾಸವಿಲ್ಲ. ಆದರೆ ಆ ಉತ್ತರ 2 ಎಂದು ಬಂದದ್ದು ಮೇಲಿನ ಸೂತ್ರದಿಂದಲ್ಲ. 16,384 ರಿಜಿಸ್ಟರ್‌ಗಳೂ ಖಾಲಿ ಇರುವಾಗ ಆ ಸೂತ್ರಕ್ಕೆ ಕೊಟ್ಟರೆ ಅದು 11,800ರಷ್ಟು ಮಂದಿ ಎನ್ನುತ್ತದೆ, ಒಬ್ಬರೂ ಬರದಿದ್ದರೂ! ಹಾಗಾಗಿ ಎಣಿಕೆ ಸಣ್ಣದಿರುವಾಗ ಸೊನ್ನೆ ಸಾಲುಗಳನ್ನು ಬಿಟ್ಟು, ಎಷ್ಟು ರಿಜಿಸ್ಟರ್ ಇನ್ನೂ ಖಾಲಿ ಇವೆ ಎಂಬುದರಿಂದ ಅಂದಾಜಿಸುವುದು ಹೈಪರ್‌ಲಾಗ್‌ಲಾಗ್ ಪ್ರಬಂಧದಲ್ಲೇ ಇದ್ದ ಏರ್ಪಾಟು. ಒಂದು ವಿಧಾನದಿಂದ ಇನ್ನೊಂದಕ್ಕೆ ದಾಟುವ ಗಡಿಯಲ್ಲಿ ಉತ್ತರ ಸ್ವಲ್ಪ ವಾಲುತ್ತಿತ್ತು. ಗೂಗಲ್‌ನವರು 2013ರಲ್ಲಿ ಅದನ್ನು ತಿದ್ದಿದರು.

ಮೂರನೆಯ ಆಜ್ಞೆಯೇ ಇದರ ಅಸಲು ಸೊಗಸು. ಸೋಮವಾರದ್ದು ಮತ್ತು ಮಂಗಳವಾರದ್ದು, ಎರಡು ದಾಖಲೆಗಳನ್ನು ಪಕ್ಕದಲ್ಲಿಟ್ಟು ಪ್ರತಿ ರಿಜಿಸ್ಟರ್‌ನಲ್ಲೂ ದೊಡ್ಡದನ್ನು ಆರಿಸಿಕೊಂಡರೆ, ಎರಡೂ ದಿನವನ್ನು ಒಟ್ಟಿಗೆ ಎಣಿಸಿದ್ದರೆ ಏನು ಬರುತ್ತಿತ್ತೋ ಅದೇ ಬರುತ್ತದೆ. ಎರಡೂ ದಿನ ಬಂದವನು ಎರಡು ಸಲ ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ಕಂಡವರಿಗೆ ಕೂಡಲೇ ಇನ್ನೊಂದಾಸೆ ಹುಟ್ಟುತ್ತದೆ: ಎರಡೂ ದಿನ ಬಂದವರೆಷ್ಟು? ಸೋಮವಾರದ್ದನ್ನೂ ಮಂಗಳವಾರದ್ದನ್ನೂ ಕೂಡಿಸಿ ಒಟ್ಟನ್ನು ಕಳೆದರಾಯಿತಲ್ಲ? ಇಲ್ಲೇ ಮುಗ್ಗರಿಸುವುದು. ದಿನಕ್ಕೆ 10 ಲಕ್ಷ ಮಂದಿ, ಎರಡೂ ದಿನ ಬಂದವರು ನಿಜವಾಗಿ 10 ಸಾವಿರ ಎಂದುಕೊಳ್ಳಿ. ಒಂದೊಂದು ದಿನದ ಅಂದಾಜಿನಲ್ಲೇ 8 ಸಾವಿರದಷ್ಟು ತಪ್ಪು ಸಹಜ, 19.9 ಲಕ್ಷದ ಒಟ್ಟಿನಲ್ಲಿ 16 ಸಾವಿರದಷ್ಟು. ಕಳೆದಾಗ ಉಳಿಯುವ 10 ಸಾವಿರ ಆ ತಪ್ಪುಗಳಲ್ಲೇ ಮುಳುಗಿಹೋಗುತ್ತದೆ. ಕೆಲವೊಮ್ಮೆ ಉತ್ತರ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ, ಆಗಲಾದರೂ ಎಡವಟ್ಟು ಕಣ್ಣಿಗೆ ಬೀಳುತ್ತದೆ. 25 ಸಾವಿರ ಎಂದು ಬಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ, ಅದು ಹೆಚ್ಚು ಅಪಾಯ.

ಹ್ಯಾಶ್ ಮಾಡದೆ ಕ್ರಮಸಂಖ್ಯೆಯನ್ನೇ ನೇರವಾಗಿ ಕೊಡುವುದು ಇನ್ನೊಂದು ತಪ್ಪು. 1ರಿಂದ 10 ಲಕ್ಷದವರೆಗಿನ ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ ಬರೆದರೆ ಎಲ್ಲದರಲ್ಲೂ ಮೊದಲ 44 ಬಿಟ್ ಸೊನ್ನೆಯೇ. ಮೊದಲ 14 ಬಿಟ್‌ಗಳನ್ನು ಮನೆ ಸಂಖ್ಯೆಯಾಗಿ ಓದಿದರೆ ಎಲ್ಲರೂ ಒಂದೇ ಮನೆಗೆ ನುಗ್ಗುತ್ತಾರೆ, ಉಳಿದ 16,383 ಮನೆಗಳು ಖಾಲಿ. ಎಣಿಕೆ ವಿಚಿತ್ರವಾಗಿ ಕಂಡಾಗ ರಿಜಿಸ್ಟರ್‌ಗಳನ್ನೇ ತೆರೆದು ನೋಡಿದರೆ ಇದು ಸಿಕ್ಕಿಬೀಳುತ್ತದೆ: ಹ್ಯಾಶ್ ಸರಿಯಿದ್ದರೆ ಬಹುತೇಕ ದಾಖಲೆಗಳು ಒಂದಕ್ಕೊಂದು ಹತ್ತಿರದಲ್ಲೇ ಇರಬೇಕು, ಮೇಲಿನ ಹದಿನಾರರಂತೆ.

ಬೇಕೆಂದೇ ಮೋಸ ಮಾಡುವವರನ್ನು ಹಿಡಿಯಲು ಆ ಪರೀಕ್ಷೆ ಸಾಲದು. ರೆಡಿಸ್‌ನ ಹ್ಯಾಶ್ ಎಲ್ಲರಿಗೂ ಗೊತ್ತಿರುವಂಥದ್ದು, ಕಲಸುವಾಗ ಬಳಸುವ ಆರಂಭದ ಸಂಖ್ಯೆಯೂ ಬದಲಾಗುವುದಿಲ್ಲ. ಹೀಗಾಗಿ ಯಾರು ಬೇಕಾದರೂ ತನ್ನ ಕಂಪ್ಯೂಟರಿನಲ್ಲೇ ಮೊದಲು ಲೆಕ್ಕ ಹಾಕಿ, ಪ್ರತಿ ರಿಜಿಸ್ಟರ್‌ಗೂ ಉದ್ದದ ಸೊನ್ನೆ ಸಾಲು ಬರುವ ಗುರುತುಗಳನ್ನು ಹುಡುಕಿಟ್ಟುಕೊಂಡು ಕಳಿಸಿದರೆ ಸ್ವಲ್ಪವೇ ಗುರುತುಗಳಿಂದ ಎಣಿಕೆ ಕೋಟಿಗಟ್ಟಲೆ ಉಬ್ಬುತ್ತದೆ. ತಿರುಗಿಸಿಯೂ ಮಾಡಬಹುದು: ಯಾವ ದಾಖಲೆಯನ್ನೂ ಮುರಿಯದ ಗುರುತುಗಳನ್ನೇ ಆರಿಸಿ ಕಳಿಸಿದರೆ ಲಕ್ಷ ಖಾತೆಗಳು ಬಂದು ಹೋದರೂ ಎಣಿಕೆ ಹೆಚ್ಚುಕಡಿಮೆ ಕದಲುವುದಿಲ್ಲ. ಹ್ಯಾಶ್‌ಗೆ ಕೊಡುವ ಮುನ್ನ ಗುರುತಿಗೆ ಗುಟ್ಟಾದ ಕೀಲಿಯೊಂದನ್ನು ಸೇರಿಸಿದರೆ ಹೊರಗಿನವರು ಹೀಗೆ ಮೊದಲೇ ಲೆಕ್ಕ ಹಾಕುವುದು ತಪ್ಪುತ್ತದೆ. ಆದರೆ ಸೋಮವಾರದ ಕೀಲಿ ಬೇರೆ, ಮಂಗಳವಾರದ ಕೀಲಿ ಬೇರೆ ಆದರೆ ಆ ಎರಡು ದಿನಗಳ ರಿಜಿಸ್ಟರ್‌ಗಳನ್ನು ಮತ್ತೆಂದೂ ಒಂದುಗೂಡಿಸಲಾಗದು. ಒಂದೇ ಕೀಲಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕೋ, ವಾರದ ಎಣಿಕೆಯನ್ನು ಬಿಡಬೇಕೋ ಎಂಬುದು ಎಣಿಸುವವರು ಮೊದಲೇ ತೀರ್ಮಾನಿಸಿಕೊಳ್ಳಬೇಕಾದ ವಿಷಯ.