ಸಿಗ್ನಲ್ ಪೂರ್ತಿ ಇದ್ದರೂ ನೆಟ್ ಏಕೆ ನಿಧಾನ?

ಮನೆಯ ರೂಟರಿಗೂ ಕೈಯಲ್ಲಿರುವ ಫೋನಿಗೂ ನಡುವಿನ ರೇಡಿಯೊ ಸಂಪರ್ಕವೇ ವೈಫೈ. ಅದರ ವ್ಯಾಪ್ತಿ ಕೆಲವು ಕೋಣೆಗಳಷ್ಟು. ಇಂಟರ್‌ನೆಟ್ ಇರುವುದು ರೂಟರಿನ ಆಚೆ: ಗೋಡೆಯ ತೂತಿನಿಂದ ಒಳಬಂದ ಫೈಬರ್ ಎಳೆ, ಬೀದಿ ಕಂಬದ ಮೇಲಿನ ಪೆಟ್ಟಿಗೆ, ಸಂಪರ್ಕ ಕೊಟ್ಟ ಕಂಪನಿಯ ಕೇಂದ್ರ, ಅಲ್ಲಿಂದ ವೀಡಿಯೊ ಇಟ್ಟಿರುವ ಸರ್ವರ್‌ವರೆಗಿನ ದಾರಿ. ಫೋನಿನಲ್ಲಿ ವೀಡಿಯೊ ಓಡಬೇಕಾದರೆ ಮಾಹಿತಿ ಈ ಎರಡನ್ನೂ ದಾಟಿ ಬರಬೇಕು. ಯಾವುದು ಹೆಚ್ಚು ನಿಧಾನವೋ ಅದರ ವೇಗವೇ ನೋಡುವವರಿಗೆ ಸಿಗುವ ವೇಗ.

ಫೋನಿನ ಮೇಲ್ತುದಿಯಲ್ಲಿ ಕಾಣುವ ವೈಫೈ ಗೆರೆಗಳು ಮೊದಲ ಭಾಗದ ಬಗ್ಗೆ ಮಾತ್ರ ಹೇಳುತ್ತವೆ. ರಸ್ತೆ ಅಗೆಯುವಾಗ ಫೈಬರ್ ತುಂಡಾಗಿ ಹೋದರೂ ಗೆರೆಗಳು ಪೂರ್ತಿಯೇ ಇರುತ್ತವೆ, ಏಕೆಂದರೆ ರೂಟರ್ ಇನ್ನೂ ಪಕ್ಕದ ಕೋಣೆಯಲ್ಲೇ ಇದೆ. ಆಗ ಫೈಬರ್ ಪೆಟ್ಟಿಗೆಯಲ್ಲಿ LOS ಎಂಬ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲೂ ಬ್ರೌಸರಿನಲ್ಲಿ ರೂಟರಿನ ವಿಳಾಸ ಕೊಟ್ಟರೆ ಅದರ ಸೆಟ್ಟಿಂಗ್ ಪುಟ ತೆರೆಯುತ್ತದೆ. ವೈಫೈ ಇದೆ, ಇಂಟರ್‌ನೆಟ್ ಇಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಪೂರ್ತಿ ನಿಂತುಹೋದ ಸಂಪರ್ಕಕ್ಕಿಂತ ತೆವಳುವ ಸಂಪರ್ಕದ ಮೂಲ ಹುಡುಕುವುದು ಕಷ್ಟ. ಒಂದು ಮನೆಯಲ್ಲಿ 100 Mbps ಪ್ಲಾನ್ ಇದೆ ಎಂದುಕೊಳ್ಳೋಣ. ರೂಟರ್ ಹಾಲಿನಲ್ಲಿ, ಟಿವಿಯ ಹಿಂದೆ. ಒಳಗಿನ ಮಲಗುವ ಕೋಣೆಯಲ್ಲಿ ಫೋನ್ ಹಿಡಿದು ಸ್ಪೀಡ್ ಟೆಸ್ಟ್ ಮಾಡಿದರೆ 8 Mbps ತೋರಿಸುತ್ತದೆ. ಅದೇ ಫೋನನ್ನು ರೂಟರಿನ ಎದುರಿಗೆ ತಂದು, ಕೂಡಲೇ ಮತ್ತೆ ಮಾಡಿದರೆ 90. ಕಂಪನಿಯವರು ಕೊಡುವುದನ್ನು ಕೊಡುತ್ತಿದ್ದಾರೆ. ಅದು ಮಲಗುವ ಕೋಣೆಗೆ ತಲುಪುತ್ತಿಲ್ಲ, ಅಷ್ಟೇ. ಇಲ್ಲಿ 200 Mbps ಪ್ಲಾನಿಗೆ ಹಣ ಕಟ್ಟಿದರೂ ಆ ಕೋಣೆಯಲ್ಲಿ ಬರುವುದು ಹೆಚ್ಚುಕಡಿಮೆ ಅದೇ 8.

ವೈಫೈ ಸಾಮಾನ್ಯವಾಗಿ 2.4 GHz, 5 GHz ಎಂಬ ಎರಡು ತರಂಗಪಟ್ಟಿಗಳಲ್ಲಿ ನಡೆಯುತ್ತದೆ. 5 GHz ವೇಗದ್ದು, ಆದರೆ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳನ್ನು ದಾಟುವಾಗ ಬೇಗ ಕುಗ್ಗುತ್ತದೆ. 2.4 GHz ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅದರಲ್ಲಿ ಜಾಗ ಕಡಿಮೆ: ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳ ರೂಟರುಗಳೆಲ್ಲ ಈ ಮೂರರಲ್ಲೇ ಹೊಂದಿಕೊಳ್ಳಬೇಕು. ಮೈಕ್ರೋವೇವ್ ಒಲೆ ಬಳಸುವುದೂ ಇದೇ ಪಟ್ಟಿಯನ್ನೇ. ಹಾಗಾಗಿ ಹೊಸ ಪ್ಲಾನಿಗಿಂತ ಮೊದಲು ರೂಟರನ್ನು ಟಿವಿಯ ಹಿಂದಿನಿಂದ ತೆಗೆದು, ಮನೆಯ ನಡುಭಾಗದಲ್ಲಿ ಎತ್ತರಕ್ಕೆ ಇಟ್ಟು ನೋಡುವುದು ಜಾಣತನ.

ಈಗ ಇನ್ನೊಂದು ಸ್ಥಿತಿ. ಅದೇ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ರೂಟರಿನ ಎದುರಿಗೇ 15 Mbps, ಬೆಳಗಿನ ಜಾವ 95. ಗೋಡೆಗಳು ರಾತ್ರಿ ದಪ್ಪವಾಗುವುದಿಲ್ಲ. ಆದರೂ ರಾತ್ರಿ ನೆರೆಮನೆಗಳ ವೈಫೈ ಬಳಕೆಯೂ ಏರುವುದರಿಂದ, ತೀರ್ಪು ಕೊಡುವ ಮೊದಲು ವೈಫೈಯನ್ನು ಪೂರ್ತಿ ಬದಿಗಿಡಬೇಕು. ರೂಟರಿಗೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ಜೋಡಿಸಿ, ವೈಫೈ ಆಫ್ ಮಾಡಿ ಅಳೆದರೂ 15 ಬಂದರೆ ಅಡಚಣೆ ಹೊರಗಿನ ದಾರಿಯಲ್ಲಿದೆ. ಅಳೆಯುವಾಗ ಮನೆಯಲ್ಲಿ ಬೇರಾರೂ ಸಿನಿಮಾ ನೋಡುತ್ತಿರಬಾರದು, ಯಾವ ಫೋನೂ ಫೋಟೊ ಬ್ಯಾಕಪ್ ಮಾಡುತ್ತಿರಬಾರದು. ಇಲ್ಲದಿದ್ದರೆ ಮನೆಯವರೇ ಲೈನ್ ತುಂಬಿಸಿ ಕಂಪನಿಯನ್ನು ಬೈದಂತಾಗುತ್ತದೆ. ತಿಂಗಳ ಡೇಟಾ ಮಿತಿ ಮುಗಿದು ವೇಗ ಇಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಸೂಕ್ಷ್ಮವಾದ ಪರೀಕ್ಷೆಯಿದೆ. ಈ ಬಾರಿ ಕೇಬಲ್ ಬೇಡ. ನಿಧಾನವಾಗಿರುವ ಕೋಣೆಯಲ್ಲೇ ಕುಳಿತು ಕಮಾಂಡ್ ಪ್ರಾಂಪ್ಟ್‌ನಲ್ಲಿ ಇವೆರಡನ್ನು ಒಂದಾದ ಮೇಲೊಂದು ಕೊಡಬೇಕು.

```
ping -n 20 192.168.1.1
ping -n 20 8.8.8.8
```

ಮೊದಲನೆಯದು ರೂಟರಿನ ವಿಳಾಸ. ಕೆಲವು ರೂಟರುಗಳಲ್ಲಿ ಅದು ಬೇರೆ ಇರುತ್ತದೆ, ಅಡಿಯ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಎರಡನೆಯದು ಗೂಗಲ್ ನಡೆಸುವ ಸಾರ್ವಜನಿಕ ಸರ್ವರ್. ಕಂಪ್ಯೂಟರ್ ಇಪ್ಪತ್ತು ಸಲ ಕೂಗಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಬರೆಯುತ್ತದೆ. ರೂಟರಿನಿಂದ ಉತ್ತರ 2, 3, 5 ಹೀಗೆ ಬರುತ್ತಿದ್ದರೆ ವೈಫೈ ಚೆನ್ನಾಗಿದೆ. ಅಲ್ಲೇ 80, 200 ಎಂದು ಜಿಗಿಯುತ್ತಿದ್ದರೆ, ನಡುನಡುವೆ Request timed out ಎಂದು ಬರುತ್ತಿದ್ದರೆ ತೊಂದರೆ ಮನೆಯೊಳಗಿನದು. ಆಗ ಎರಡನೆಯ ಸಾಲಿನ ಅಂಕಿಗಳನ್ನು ನೋಡಿ ಏನೂ ನಿರ್ಧರಿಸುವಂತಿಲ್ಲ, ಏಕೆಂದರೆ ಆ ಕೂಗೂ ಅದೇ ಕೆಟ್ಟ ವೈಫೈ ದಾಟಿಯೇ ಹೊರಗೆ ಹೋಗಬೇಕು. ಮೊದಲನೆಯದು ಸ್ಥಿರವಾಗಿದ್ದು ಎರಡನೆಯದಷ್ಟೇ ಏರಿಳಿದರೆ ದೂರು ಕಂಪನಿಗೆ ಸಲ್ಲಬೇಕು. ಕೇಬಲ್‌ನಲ್ಲಿ ಅಳೆದ ಅಂಕಿಯನ್ನೂ ಜತೆಗೆ ಹೇಳಿದರೆ, ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಮಾಮೂಲಿ ಉತ್ತರದಿಂದ ಮಾತು ಮುಂದೆ ಸಾಗುವ ಸಾಧ್ಯತೆ ಹೆಚ್ಚು.

ಎರಡೂ ಸ್ಥಿರವಾಗಿದ್ದು, ವೇಗವೂ ಸರಿಯಿದ್ದು, ಒಂದೇ ಒಂದು ವೆಬ್‌ಸೈಟ್ ಮಾತ್ರ ತೆರೆಯಲು ಒದ್ದಾಡುತ್ತಿದ್ದರೆ ಬಹುಮಟ್ಟಿಗೆ ತಪ್ಪು ಆ ಸೈಟಿನ ಸರ್ವರಿನದೇ. ಪರೀಕ್ಷಾ ಫಲಿತಾಂಶದ ದಿನ ಎಲ್ಲರೂ ಒಟ್ಟಿಗೆ ನುಗ್ಗುವ ಪುಟಗಳು ಹೀಗಾಗುವುದುಂಟು. ಅದಕ್ಕೆ ರೂಟರ್ ಬದಲಿಸಿಯೂ ಉಪಯೋಗವಿಲ್ಲ, ಕಂಪನಿ ಬದಲಿಸಿಯೂ ಉಪಯೋಗವಿಲ್ಲ.