ಗುರುವಿಗೆ ಇಟ್ಟ ನಮಸ್ಕಾರ ಗುರಿಗೆ ಹೋಗದಿರಲಿ

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಚಿಕ್ಕಮ್ಮನ ಮಗಳು ಕಳೆದ ರಜೆಯಲ್ಲಿ ಕನ್ನಡ ವ್ಯಾಕರಣದ ಪುಸ್ತಕ ಹಿಡಿದು ನನ್ನ ಮುಂದೆ ಕೂತಳು. ‘ಅಣ್ಣಾ, ಮಾತು ಅನ್ನೋದಕ್ಕೆ ಅನ್ನು ಸೇರಿದ್ರೆ ಮಾತನ್ನು. ಧಾತು ಅನ್ನೋದಕ್ಕೆ ಸೇರಿದ್ರೆ ಧಾತುವನ್ನು. ಎರಡೂ ತು ಅಂತಾನೇ ಮುಗಿಯುತ್ತೆ, ಮತ್ತೆ ಯಾಕೆ ಹಾಗೆ?’

ಎಂಜಿನಿಯರಿಂಗ್ ಓದುತ್ತಿರುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮಾತನ್ನು ಲೋಪಸಂಧಿ, ಧಾತುವನ್ನು ಆಗಮಸಂಧಿ ಎಂದು ಹೆಸರು ಹೇಳಿದೆ. ‘ಹೆಸರು ನಂಗೂ ಗೊತ್ತು. ಪರೀಕ್ಷೇಲಿ ಹೊಸ ಪದ ಕೊಟ್ರೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ?’ ಎಂದಳು. ಹಿಂದಿನ ಕಿರುಪರೀಕ್ಷೆಯಲ್ಲಿ ಅವಳಿಗೆ ಅಂಕ ಹೋಗಿದ್ದೂ ಅಲ್ಲೇ.

ಎರಡು ಸ್ವರಗಳು ಎದುರುಬದುರಾದಾಗ ಕನ್ನಡದ ಮುಂದೆ ಎರಡು ದಾರಿಗಳಿವೆ. ಒಂದೋ ಮೊದಲನೆಯ ಸ್ವರವನ್ನು ಬಿಡುವುದು, ಅದು ಲೋಪ. ಇಲ್ಲವೇ ನಡುವೆ ‘ಯ’ ಅಥವಾ ‘ವ’ ತಂದು ಎರಡನ್ನೂ ಉಳಿಸುವುದು, ಅದು ಆಗಮ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂದು ಪಠ್ಯಪುಸ್ತಕ ಹೇಳುತ್ತದೆ. ನಾವೆಲ್ಲ ಬಾಯಿಪಾಠ ಮಾಡಿ ಮುಂದೆ ಹೋಗುವ ಆ ಷರತ್ತಿನಲ್ಲೇ ಅವಳ ಪ್ರಶ್ನೆಗೆ ಉತ್ತರವಿತ್ತು.

ಇಬ್ಬರೂ ಸೇರಿ ‘ಉ’ಕಾರದಲ್ಲಿ ಮುಗಿಯುವ ಪದಗಳನ್ನು ಎರಡು ಸಾಲು ಮಾಡಿದೆವು. ಊರು, ಕಾಲು, ನೀರು, ಮಾತು ಒಂದು ಕಡೆ. ಗುರು, ಧಾತು, ವಸ್ತು, ಮಗು, ಕರು ಇನ್ನೊಂದು ಕಡೆ. ಮೊದಲ ಸಾಲಿನ ಪದಗಳನ್ನು ಮನೆಯಲ್ಲಿ ಮಾತಾಡುವಂತೆ ಬೇಗ ಹೇಳಿದಾಗ ‘ಊರ್ ಬಿಟ್ಟ’, ‘ಕಾಲ್ ನೋವು’, ‘ಮಾತ್ ಕೇಳು’ ಎಂದಾಯಿತು. ಕೊನೆಯ ‘ಉ’ ಇಲ್ಲದಿದ್ದರೂ ಪದ ಗೊತ್ತಾಗುತ್ತದೆ. ಹಳಗನ್ನಡದಲ್ಲಿ ಊರ್, ಕಾಲ್, ನೀರ್ ಎಂದೇ ಇತ್ತು. ವ್ಯಂಜನದಲ್ಲಿ ಪದ ನಿಲ್ಲಿಸುವುದು ಈಗಿನ ಕನ್ನಡಕ್ಕೆ ಅಷ್ಟಾಗಿ ಒಗ್ಗದು, ಹಾಗಾಗಿ ಆಸರೆಗೆ ‘ಉ’ ಬಂದಿದೆ. ಬಸ್ ಎಂಬುದನ್ನು ಬಸ್ಸು, ಕಾರ್ ಎಂಬುದನ್ನು ಕಾರು ಮಾಡಿಕೊಂಡದ್ದೂ ಹೀಗೆಯೇ. ‘ಅನ್ನು’ ಬಂದಾಗ ಅದರ ‘ಅ’ಕಾರವೇ ಆಸರೆ ಕೊಡುವುದರಿಂದ ಹಳೆಯ ‘ಉ’ ಹೊರಡುತ್ತದೆ: ಊರನ್ನು, ಬಸ್ಸನ್ನು.

ಎರಡನೇ ಸಾಲಿನಲ್ಲಿ ಇದು ನಡೆಯುವುದಿಲ್ಲ. ‘ಗುರ್ ಬಂದ್ರು’ ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ‘ಉ’ ಆಸರೆಯಲ್ಲ, ಪದದ್ದೇ ಅಂಗ. ತೆಗೆದರೆ ಏನಾಗುತ್ತದೆ ನೋಡಿ: ಗುರು + ಇಗೆ ‘ಗುರಿಗೆ’ ಆಗುತ್ತದೆ, ನಮಸ್ಕಾರ ಗುರುವನ್ನು ಬಿಟ್ಟು ಗುರಿಗೆ ಹೋಗುತ್ತದೆ. ಕರು + ಇಗೆ ‘ಕರಿಗೆ’ ಆದರೆ ಕರುವಿನ ಹುಲ್ಲು ಆನೆಯ ಪಾಲು! ಅರ್ಥ ಕೆಡುವುದು ಎಂದರೆ ಇದೇ. ಅದಕ್ಕೇ ‘ವ’ ಬಂದು ಗುರುವಿಗೆ, ಕರುವಿಗೆ ಎಂದಾಗುತ್ತದೆ.

‘ಹಾಗಾದ್ರೆ ಸಂಸ್ಕೃತದ ಪದಕ್ಕೆ ವ, ಕನ್ನಡದ್ದಕ್ಕೆ ಲೋಪ, ಅಷ್ಟೇ ತಾನೇ?’ ಎಂದಳು. ಗುರು, ಧಾತು, ವಸ್ತುಗಳಿಗೆ ಅದು ಸರಿ. ಆದರೆ ಮಗು, ಕರು ಅಚ್ಚಕನ್ನಡದವು. ಇವು ಎರಡೇ ಹ್ರಸ್ವಾಕ್ಷರದ ಪುಟ್ಟ ಪದಗಳು. ‘ಉ’ ಹೋದರೆ ಗುರುತು ಹಿಡಿಯಲು ಏನೂ ಉಳಿಯದು. ಆದ್ದರಿಂದ ಪದದ ಮೂಲ ಹುಡುಕುವುದಕ್ಕಿಂತ ‘ಉ’ ಬಿಟ್ಟು ಹೇಳಿ ನೋಡುವುದೇ ಸುಲಭ.

‘ಯ’ ಎಲ್ಲಿ, ‘ವ’ ಎಲ್ಲಿ ಎಂಬುದನ್ನು ಬಾಯಿಯೇ ಹೇಳುತ್ತದೆ. ಇ, ಎ ಹೇಳುವಾಗ ನಾಲಿಗೆ ಮುಂದೆ ಬರುತ್ತದೆ, ‘ಯ’ ಅಲ್ಲೇ ಹುಟ್ಟುತ್ತದೆ: ಮನೆಯಲ್ಲಿ, ಹುಲಿಯನ್ನು. ಉ, ಓ ಹೇಳುವಾಗ ತುಟಿ ದುಂಡಗಾಗುತ್ತದೆ, ‘ವ’ ಬರುತ್ತದೆ: ಮಗುವನ್ನು. ‘ಅ’ಕಾರದ ಮುಂದೆಯೂ ‘ವ’ ಬರುವುದುಂಟು, ಮರವನ್ನು ಎಂಬಂತೆ. ಆದರೆ ಇಡೀ ಪದವೊಂದು ಬಂದು ಸೇರಿದಾಗ ‘ಅ’ಕಾರ ಲೋಪವಾಗಬಹುದು: ನಮ್ಮ + ಊರು = ನಮ್ಮೂರು. ಅರ್ಥ ಕೆಟ್ಟಿಲ್ಲವಲ್ಲ!

ಮಳೆಗಾಲದಂಥ ಪದಗಳಲ್ಲಿ ‘ಕ’ ಹೋಗಿ ‘ಗ’ ಬರುವುದು ಆದೇಶಸಂಧಿ. ಅಲ್ಲಿ ಬದಲಾಗುವುದು ವ್ಯಂಜನ, ಹಾಗಾಗಿ ಈ ಗೊಂದಲವಿಲ್ಲ.

ನಿಮ್ಮ ಮನೆಯ ಹೈಸ್ಕೂಲು ಮಕ್ಕಳಿಗೆ ಇವನ್ನು ಕೊಟ್ಟು ನೋಡಿ.

ಕೂಡಿಸಿ, ಸಂಧಿ ಹೆಸರಿಸಿ:
1. ಕಾರು + ಅನ್ನು
2. ವಸ್ತು + ಅನ್ನು
3. ಹಸು + ಇಗೆ
4. ಬೇರು + ಇಗೆ
5. ಕೆರೆ + ಇಂದ

ಬಿಡಿಸಿ:
6. ನಾವೆಲ್ಲ
7. ಸೊಸೆಯನ್ನು
8. ಚಳಿಗಾಲ

ಉತ್ತರ: 1. ಕಾರನ್ನು, ಲೋಪ. 2. ವಸ್ತುವನ್ನು, ಆಗಮ. 3. ಹಸುವಿಗೆ, ಆಗಮ. 4. ಬೇರಿಗೆ, ಲೋಪ. 5. ಕೆರೆಯಿಂದ, ಆಗಮ. 6. ನಾವು + ಎಲ್ಲ, ಲೋಪ. 7. ಸೊಸೆ + ಅನ್ನು, ಆಗಮ. 8. ಚಳಿ + ಕಾಲ, ಆದೇಶ.

ತಂಗಿ ಎಂಟನ್ನೂ ಸರಿ ಮಾಡಿದಳು. ನಾನು ‘ಸಾಧು’ ಕೊಟ್ಟೆ. ‘ಸಾಧ್ ಬಂದ’ ಎಂದು ಒಮ್ಮೆ ಹೇಳಿ ನಕ್ಕು, ‘ಸಾಧುವನ್ನು’ ಎಂದು ಬರೆದಳು.